ಹಲ್ಲೆ ಕೇಸು ಮುಗಿಯಲೆಂದು ಕಾಯಬೇಡಿ

ದಾವಣಗೆರೆಯ ಒಬ್ಬ ದರ್ಜಿಯ ಉದಾಹರಣೆ ಇಟ್ಟುಕೊಳ್ಳೋಣ. 2025ರ ಮಾರ್ಚ್ 10ರಂದು ಅಂಗಡಿ ಮುಂದೆ ಬೈಕ್ ನಿಲ್ಲಿಸಿದ್ದಕ್ಕೆ ಜಗಳವಾಗಿ, ರಾಣೆಬೆನ್ನೂರಿನವನೊಬ್ಬ ಅವರನ್ನು ನೆಲಕ್ಕೆ ಕೆಡವಿ ಒದೆಯುತ್ತಾನೆ. ಬಲಗೈ ಮೂಳೆ ಮುರಿಯುತ್ತದೆ. ಆಸ್ಪತ್ರೆಗೆ 65 ಸಾವಿರ ರೂಪಾಯಿ ಖರ್ಚು, ಮೂರು ತಿಂಗಳು ಹೊಲಿಗೆಯಿಲ್ಲದೆ 54 ಸಾವಿರ ನಷ್ಟ.

ಮೂಳೆ ಮುರಿತ ತೀವ್ರ ಗಾಯವಾದ್ದರಿಂದ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 117(2) ಕಲಂ ಹಾಕುತ್ತಾರೆ. ಏಳು ವರ್ಷದವರೆಗೆ ಜೈಲು ಆಗಬಹುದು. ಆದರೆ ಆ ಕೇಸು ಸರ್ಕಾರದ್ದು, ದರ್ಜಿ ಅಲ್ಲಿ ಸಾಕ್ಷಿ. ಶಿಕ್ಷೆಯಾದರೆ ನ್ಯಾಯಾಲಯ ಪರಿಹಾರಕ್ಕೂ ಆದೇಶಿಸಬಹುದು. ಆರೋಪಿ ಖುಲಾಸೆಯಾದರೆ ಆ ದಾರಿ ಮುಚ್ಚುತ್ತದೆ.

ಆದ್ದರಿಂದ ಸಿವಿಲ್ ದಾವೆ. ಹಲ್ಲೆ ಮಾಡಿದವನೇ ಇಲ್ಲಿ ಪ್ರತಿವಾದಿ. ಚಿಕಿತ್ಸೆ, ಕಳೆದುಹೋದ ದುಡಿಮೆ, ಪಟ್ಟ ನೋವು ಎಲ್ಲಕ್ಕೂ ಪರಿಹಾರ ಕೇಳಬಹುದು. ದಾವೆಯನ್ನು ದಾವಣಗೆರೆಯಲ್ಲಾದರೂ ಹೂಡಬಹುದು, ಅವನಿರುವ ರಾಣೆಬೆನ್ನೂರಿನಲ್ಲಾದರೂ ಹೂಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮಿನ ಕೆಳಗಿರುವ ದೃಷ್ಟಾಂತವೇ ಇಂಥದ್ದು: ದೆಹಲಿಯವನು ಕಲ್ಕತ್ತಾದಲ್ಲಿ ಒಬ್ಬನಿಗೆ ಹೊಡೆದರೆ, ಏಟು ತಿಂದವನು ಎರಡರಲ್ಲಿ ಯಾವ ಊರಿನಲ್ಲಾದರೂ ದಾವೆ ಹಾಕಬಹುದು.

ಹೆಚ್ಚಿನವರು ಎಡವುವುದು ಕಾಲಮಿತಿಯಲ್ಲಿ. "ಮೊದಲು ಕ್ರಿಮಿನಲ್ ಕೇಸು ಗೆಲ್ಲಲಿ, ಆಮೇಲೆ ನೋಡೋಣ" ಎಂದು ಕೂರುತ್ತಾರೆ. ಕಾಲಮಿತಿ ಕಾಯ್ದೆಯ 113ನೇ ಅನುಚ್ಛೇದದ ಮೂರು ವರ್ಷ ಏಟು ಬಿದ್ದ ದಿನದಿಂದ ಓಡುತ್ತದೆ, ಕ್ರಿಮಿನಲ್ ಕೇಸು ನಡೆಯುತ್ತಿದೆ ಎಂದು ಅದು ನಿಲ್ಲುವುದಿಲ್ಲ. ನಮ್ಮ ದರ್ಜಿಗೆ 2028ರ ಮಾರ್ಚ್ 10 ಕೊನೆಯ ದಿನ. ಎರಡೂ ಒಟ್ಟಿಗೆ ನಡೆಯಬಹುದೇ? ನಡೆಯಬಹುದು. ಎಂ. ಎಸ್. ಶೆರೀಫ್ ಪ್ರಕರಣದಲ್ಲಿ (1954) ಸುಪ್ರೀಂ ಕೋರ್ಟ್ ಕ್ರಿಮಿನಲ್ ವಿಚಾರಣೆಗೆ ಆದ್ಯತೆ ಕೊಟ್ಟಿತು, ಆದರೆ ಇದಕ್ಕೆ ಕಟ್ಟುನಿಟ್ಟಿನ ನಿಯಮವಿಲ್ಲ ಎಂದೂ ಹೇಳಿತು. ನ್ಯಾಯಾಧೀಶರು ದಾವೆಗೆ ತಡೆ ಕೊಟ್ಟರೂ ಚಿಂತೆಯಿಲ್ಲ, ದಾವೆ ದಾಖಲಾಗಿರುತ್ತದೆ.

ಖುಲಾಸೆಯಾದರೆ ದಾವೆ ಸೋತಂತಲ್ಲ. ಕ್ರಿಮಿನಲ್ ಕೋರ್ಟಿಗೆ ಸಂಶಯಾತೀತ ಪುರಾವೆ ಬೇಕು. ಸಿವಿಲ್ ಕೋರ್ಟಿಗೆ ಯಾರ ಮಾತು ಹೆಚ್ಚು ಸಂಭವನೀಯ ಎಂಬುದು ಸಾಕು. ಹಾಗೆಂದು ಅಲ್ಲಿನ ಶಿಕ್ಷೆಯ ತೀರ್ಪನ್ನು ತಂದಿಟ್ಟರೆ ಇಲ್ಲಿ ಹಲ್ಲೆ ಸಾಬೀತಾಗದು. ಸಾಕ್ಷಿಗಳು, ವೈದ್ಯರು ಇಲ್ಲಿಯೂ ಬಂದು ಹೇಳಬೇಕು. ಆರೋಪಿ ಅಲ್ಲಿ ತಪ್ಪೊಪ್ಪಿಕೊಂಡಿದ್ದರೆ ಮಾತ್ರ ಆ ಒಪ್ಪಿಗೆ ಇಲ್ಲಿ ಬಲವಾದ ಸಾಕ್ಷ್ಯ. ಹೀಗಾಗಿ ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಎಕ್ಸ್-ರೇ, ಬಿಲ್ಲುಗಳ ಜೊತೆಗೆ ಹಳೆಯ ಆರ್ಡರ್ ಪುಸ್ತಕವನ್ನೂ ಜೋಪಾನವಾಗಿಡಿ. ದುಡಿಮೆಯ ಲೆಕ್ಕ ತೋರಿಸದವರಿಗೆ ಆ ಬಾಬ್ತಿನಲ್ಲಿ ಸಿಗುವುದು ಕಡಿಮೆ.

ಕ್ರಿಮಿನಲ್ ಕೋರ್ಟು 25 ಸಾವಿರ ಕೊಡಿಸಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮಿನಂತೆ ಸಿವಿಲ್ ಕೋರ್ಟು ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಒಂದೇ ನಷ್ಟಕ್ಕೆ ಎರಡು ಸಲ ಹಣವಿಲ್ಲ.

ಊರ ಹಿರಿಯರು ರಾಜಿ ಮಾಡಿಸಲು ಬಂದಾಗ ಬಹಳ ಎಚ್ಚರ ಬೇಕು. ನ್ಯಾಯಾಲಯದ ಅನುಮತಿಯೊಂದಿಗೆ ಈ ಅಪರಾಧ ರಾಜಿಯಾಗಬಲ್ಲದು, ಅದರ ಪರಿಣಾಮ ಖುಲಾಸೆ. "ಇನ್ನು ಯಾವ ತಕರಾರೂ ಇಲ್ಲ" ಎಂಬ ಸಾಲಿಗೆ ಸಹಿ ಹಾಕಿದರೆ ದಾವೆಯೂ ಮುಗಿದುಹೋಗಬಹುದು. ದಾವೆಯ ಹಕ್ಕು ಉಳಿಯಬೇಕೆಂದಿದ್ದರೆ ರಾಜಿಪತ್ರದಲ್ಲೇ ಹಾಗೆಂದು ಬರೆಸಿ, ಇಲ್ಲವೇ ಪೂರ್ತಿ ಮೊತ್ತ ಕೈಗೆ ಬಂದ ಮೇಲೆ ಸಹಿ ಹಾಕಿ.