ಊರಿಂದೂರಿಗೆ ಬಸ್: ಪ್ರತಿ ಪುಟಕ್ಕೂ ತನ್ನದೇ ಶೀರ್ಷಿಕೆ

ಬಸ್ ಮಾಹಿತಿಯ ಜಾಲತಾಣಕ್ಕೆ 50 ಊರುಗಳನ್ನು ಸೇರಿಸಿದರೆ, ಹೋಗುವುದು ಬರುವುದು ಎರಡೂ ಲೆಕ್ಕಕ್ಕೆ ಹಿಡಿದು 2,450 ಜೋಡಿಗಳಾಗುತ್ತವೆ. ಎಲ್ಲಕ್ಕೂ ಕಂಪ್ಯೂಟರಿನಿಂದಲೇ ಪುಟ ಮಾಡಿಸಿದರೆ ಬಸ್ಸೇ ಇಲ್ಲದ ಜೋಡಿಗೂ ಒಂದು ಪುಟ ಹುಟ್ಟುತ್ತದೆ. ಹುಡುಕಾಟದಲ್ಲಿ ಮೇಲೆ ಬರಲೆಂದೇ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕುವುದು ಗೂಗಲ್ ನಿಯಮದ ಪ್ರಕಾರ ಸ್ಪ್ಯಾಮ್.

ಆದ್ದರಿಂದ ಮೊದಲ ಕೆಲಸ ಜೋಡಿಗಳನ್ನು ಸೋಸುವುದು. ನೇರ ಬಸ್ ಇದ್ದರೆ ಪುಟ ಇರಲಿ. ಒಂದು ಕಡೆ ಇಳಿದು ಬಸ್ ಬದಲಿಸಬೇಕಿದ್ದರೆ, ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಹೇಳಲು ಸಾಧ್ಯವಾದರೆ ಮಾತ್ರ ಇರಲಿ. ಉಳಿದವನ್ನು ಮಾಡಲೇಬೇಡಿ. ಹಳೆಯ ಹೆಸರಿನಿಂದ ಹುಡುಕುವವರಿಗೆಂದು ಶಿವಮೊಗ್ಗ, ಶಿಮೊಗ್ಗ ಎಂದು ಎರಡು ಪುಟ ಮಾಡುವುದೂ ಬೇಡ. ಒಂದೇ ಪುಟದೊಳಗೆ ಎರಡೂ ಹೆಸರು ಬಂದರೆ ಸಾಕು.

ಎರಡನೆಯದು ವಿಭಕ್ತಿ. ಊರಿನ ಹೆಸರಿಗೆ ‘ಇಂದ’, ‘ಗೆ’ ಅಂಟಿಸುವ ಒಂದೇ ಅಚ್ಚು ಕನ್ನಡದಲ್ಲಿ ನಡೆಯುವುದಿಲ್ಲ. ಮೈಸೂರಿನಿಂದ, ಉಡುಪಿಯಿಂದ, ಸಾಗರದಿಂದ, ಬೀದರ್‌ನಿಂದ. ಮೈಸೂರಿಗೆ, ಉಡುಪಿಗೆ, ಸಾಗರಕ್ಕೆ, ಬೀದರ್‌ಗೆ. ಇದನ್ನು ನಿಯಮ ಬರೆದು ಸಾಧಿಸಲು ಹೋಗಬೇಡಿ. ಊರುಗಳ ಪಟ್ಟಿಯಲ್ಲಿ ಎರಡು ಕಾಲಂ ಹೆಚ್ಚಿಗೆ ಹಾಕಿ, ಎರಡೂ ರೂಪಗಳನ್ನು ಕೈಯಿಂದಲೇ ತುಂಬಿ. 50 ಊರಿಗೆ ನೂರೇ ಪದ, ಒಂದು ಸಂಜೆಯ ಕೆಲಸ. ‘ಸಾಗರಗೆ ಬಸ್’ ಎಂದು ಓದಿದವರು ಒಳಗಿನ ವೇಳೆಯನ್ನೂ ನಂಬುವುದಿಲ್ಲ.

ಮೂರನೆಯದೇ ಮುಖ್ಯ: ಆ ಜೋಡಿಗೆ ಮಾತ್ರ ಸಲ್ಲುವ ಸಂಗತಿಯೊಂದು ಶೀರ್ಷಿಕೆಯಲ್ಲಿರಬೇಕು. ‘ಶಿವಮೊಗ್ಗದಿಂದ ಉಡುಪಿಗೆ ಬಸ್: ಅತ್ಯುತ್ತಮ ಮಾಹಿತಿ’ ಎನ್ನುವುದರಲ್ಲಿ ಹುರುಳಿಲ್ಲ, ಆ ಬಾಲವನ್ನು ಯಾವ ಊರಿಗೂ ಅಂಟಿಸಬಹುದು. ‘ಶಿವಮೊಗ್ಗದಿಂದ ಉಡುಪಿಗೆ ಬಸ್: ತೀರ್ಥಹಳ್ಳಿ, ಆಗುಂಬೆ ಮೂಲಕ’ ಎಂದರೆ ಪ್ರಯಾಣಿಕರಿಗೆ ದಾರಿ ತಿಳಿಯಿತು. ಯಾವ ಸಂಗತಿ ಮೊದಲು ಎಂಬ ಕ್ರಮ ಗೊತ್ತುಮಾಡಿಕೊಳ್ಳಿ: ಮಾರ್ಗ, ಅದಿಲ್ಲದಿದ್ದರೆ ಕೊನೆಯ ಬಸ್, ಅದೂ ಇಲ್ಲದಿದ್ದರೆ ಪ್ರಯಾಣದ ಅವಧಿ. ಮಾಹಿತಿ ಇಲ್ಲದಿದ್ದರೆ ಆ ತುಂಡೇ ಬಿದ್ದುಹೋಗಲಿ. ಇಲ್ಲವಾದರೆ ‘ಕೊನೆಯ ಬಸ್ 00:00’ ಎಂಬಂಥವು ಬರುತ್ತವೆ. ಎಲ್ಲವನ್ನೂ ತುರುಕಲೂಬೇಡಿ, ಮೊಬೈಲ್ ಪರದೆಯಲ್ಲಿ ಉದ್ದ ಶೀರ್ಷಿಕೆಯ ತುದಿ ಕತ್ತರಿಸಿಹೋಗುತ್ತದೆ. ಊರಿನ ಹೆಸರುಗಳು ಮೊದಲೇ ಬರಲಿ.

ಪ್ರಕಟಿಸುವ ಮುನ್ನ ಒಂದು ಪರೀಕ್ಷೆ. ಎಲ್ಲ ಶೀರ್ಷಿಕೆಗಳನ್ನೂ ಎಕ್ಸೆಲ್‌ಗೆ ಹಾಕಿ, ಜೋಡಿಯ ಎರಡು ಊರಿನ ಹೆಸರನ್ನು ವಿಭಕ್ತಿ ಸಮೇತ ಅಳಿಸಿ, ಉಳಿದದ್ದನ್ನು ಅಕಾರಾದಿಯಾಗಿ ಜೋಡಿಸಿ. ಒಂದೇ ಸಾಲು ನೂರಾರು ಬಾರಿ ಕಂಡರೆ ಅಲ್ಲಿ ಹೇಳಲು ಏನೂ ಇಲ್ಲ ಎಂದರ್ಥ. ಶೀರ್ಷಿಕೆಯ ಪದ ಬದಲಿಸಿ ಅದನ್ನು ಮುಚ್ಚಬೇಡಿ. ಪುಟದೊಳಗೆ ಮಾಹಿತಿ ತುಂಬಿ, ಇಲ್ಲವೇ ಪುಟವನ್ನೇ ತೆಗೆಯಿರಿ.

ಇನ್ನೊಂದು ಮಾತು: ವೇಳಾಪಟ್ಟಿಯನ್ನು ತಪ್ಪದೆ ಪರಿಷ್ಕರಿಸುವ ಏರ್ಪಾಡು ನಿಮ್ಮಲ್ಲಿಲ್ಲದಿದ್ದರೆ ಕೊನೆಯ ಬಸ್ಸಿನ ಸಮಯವನ್ನು ಶೀರ್ಷಿಕೆಗೆ ತರಬೇಡಿ. ಅದನ್ನೇ ನಂಬಿ ರಾತ್ರಿ ನಿಲ್ದಾಣಕ್ಕೆ ಬರುವವರಿರುತ್ತಾರೆ.