ಫೋನ್ ಒಳಗೆ ಬಿಡುವುದಿಲ್ಲ, ಮೀಟಿಂಗ್ ಬಿಡುವಂತಿಲ್ಲ

ಪ್ರಶ್ನೆ: ನಾನು ಮೈಸೂರಿನವಳು, ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಲೀಡ್. ಮುಂದಿನ ಬೇಸಿಗೆಯಲ್ಲಿ ಟೆಕ್ಸಸ್‌ನಲ್ಲಿರುವ ಅಕ್ಕನ ಮಗನ ಉಪನಯನ. ಅಮ್ಮನಿಗೂ ನನಗೂ ಸೇರಿಸಿ ಅಮೆರಿಕದ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿದ್ದೇನೆ. ತಿಂಗಳುಗಟ್ಟಲೆ ಕಾದ ಮೇಲೆ 14ನೇ ತಾರೀಖು ಬುಧವಾರ ಬೆಳಗ್ಗೆ 9ಕ್ಕೆ ಚೆನ್ನೈ ಕಾನ್ಸುಲೇಟಿನಲ್ಲಿ ಸಂದರ್ಶನ ಸಿಕ್ಕಿದೆ. ಆದರೆ ನಮ್ಮ ರಿಲೀಸ್ ಇರುವುದೂ ಅದೇ ವಾರ. ಬುಧವಾರ ನನಗೆ ನಾಲ್ಕು ಮೀಟಿಂಗ್: 9.30ಕ್ಕೆ ಸ್ಟ್ಯಾಂಡಪ್, 11ಕ್ಕೆ ದೋಷಗಳ ಮೀಟಿಂಗ್, 3ಕ್ಕೆ ಹೊಸಬರ ಸಂದರ್ಶನದ ಪ್ಯಾನೆಲ್, ಸಂಜೆ 6.30ಕ್ಕೆ ನ್ಯೂಜೆರ್ಸಿಯ ಗ್ರಾಹಕರ ಜೊತೆ ಕಾಲ್. ‘ಯುಎಸ್ ವೀಸಾ’ ಅಂದ ತಕ್ಷಣ ನಾನು ಕೆಲಸ ಬಿಡುತ್ತಿದ್ದೇನೆ ಎಂದು ಮ್ಯಾನೇಜರ್ ಅಂದುಕೊಳ್ಳುತ್ತಾರೆ ಎಂಬ ಭಯ. ಹುಷಾರಿಲ್ಲ ಎಂದು ಹೇಳಿಬಿಡಲೇ? ಅಥವಾ ಅರ್ಧ ದಿನ ರಜೆ ಹಾಕಿ, ಕ್ಯೂನಲ್ಲಿ ನಿಂತೇ ಫೋನಿನಿಂದ ಮೀಟಿಂಗ್‌ಗೆ ಸೇರಲೇ?
— ಹೆಸರು ಬೇಡ, ಪೆರುಂಗುಡಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಜೆಮಿನಿ ಫ್ಲೈಓವರ್ ಪಕ್ಕದ ಆ ಕಟ್ಟಡದೊಳಗೆ ಮೊಬೈಲ್ ಬಿಡುವುದಿಲ್ಲ. ಲ್ಯಾಪ್‌ಟಾಪ್, ಸ್ಮಾರ್ಟ್‌ವಾಚ್ ಕೂಡ ಇಲ್ಲ. ಬಾಗಿಲಲ್ಲಿ ಅವನ್ನು ಇಟ್ಟುಕೊಂಡು ಟೋಕನ್ ಕೊಡುವ ವ್ಯವಸ್ಥೆಯನ್ನೂ ಅವರು ಮಾಡಿಲ್ಲ. ಪಾಸ್‌ಪೋರ್ಟ್, ಅರ್ಜಿಯ ದೃಢೀಕರಣ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಒಂದಿಷ್ಟು ಕಾಗದ, ಇಷ್ಟನ್ನು ಹಿಡಿದು ಒಳಗೆ ಹೋದರೆ ಭದ್ರತಾ ತಪಾಸಣೆ, ಕಾಗದ ಪರಿಶೀಲನೆ, ಬೆರಳಚ್ಚಿನ ಹೋಲಿಕೆ, ಆಮೇಲೆ ಕಿಟಕಿಯ ಮುಂದೆ ಅಧಿಕಾರಿಯ ಜೊತೆ ಮಾತು. ಆ ಮಾತು ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಅದಕ್ಕೆ ಮುಂಚಿನ ಕಾಯುವಿಕೆ ಎಷ್ಟು ಹೊತ್ತು ಎಂದು ಮಾತ್ರ ಯಾರೂ ಹೇಳಲಾರರು. 9ಕ್ಕೆ ಎಂದರೆ 9ಕ್ಕೆ ಕಿಟಕಿಯ ಮುಂದೆ ಇರುತ್ತೀರಿ ಎಂದು ಅರ್ಥವಲ್ಲ, ಹೊರಗಿನ ಸಾಲಿಗೆ ಬರಬೇಕಾದ ಹೊತ್ತು ಅದು. ಹೀಗಿರುವಾಗ ‘ಅಲ್ಲಿಂದಲೇ ಸೇರಿಕೊಳ್ಳುತ್ತೇನೆ’ ಎಂದು ಮ್ಯಾನೇಜರಿಗೆ ಮಾತು ಕೊಟ್ಟರೆ ಅದು ಆ ಬೆಳಗ್ಗೆಯೇ ಮುರಿಯುತ್ತದೆ. ರಿಲೀಸ್ ವಾರದಲ್ಲಿ ಹೇಳದೆ ಮಾಯವಾದವರನ್ನು ಕಂಡರೆ ಮ್ಯಾನೇಜರುಗಳಿಗೆ ಬರುವ ಸಿಟ್ಟು, ರಜೆ ಕೇಳಿದವರ ಮೇಲೆ ಎಂದೂ ಬರುವುದಿಲ್ಲ.

ಆದ್ದರಿಂದ ಬುಧವಾರ ಪೂರ್ತಿ ದಿನ ರಜೆ ಕೇಳಿ. ಮೇಲೆ ಇನ್ನರ್ಧ ದಿನವನ್ನೂ ಸೇರಿಸಿಕೊಳ್ಳಿ. ನಿಮ್ಮ ಪತ್ರದಲ್ಲಿ ಬುಧವಾರದ ಮಾತು ಮಾತ್ರ ಇದೆ. ಫೋಟೊ ಮತ್ತು ಬೆರಳಚ್ಚು ಕೊಡುವ ಅಪಾಯಿಂಟ್‌ಮೆಂಟ್ ಬೇರೆಯೇ ಇರುತ್ತದೆ. ಅದು ವೀಸಾ ಅರ್ಜಿ ಕೇಂದ್ರದಲ್ಲಿ, ಸಂದರ್ಶನಕ್ಕೆ ಮುಂಚಿನ ದಿನವೋ ಅದಕ್ಕೂ ಮೊದಲೋ ಆಗಬೇಕು. ನಿಮ್ಮ ಅಪಾಯಿಂಟ್‌ಮೆಂಟ್ ಪತ್ರ ತೆರೆದು ನೋಡಿ, ಬಹುಶಃ 13ರ ಮಂಗಳವಾರವೇ ಇದ್ದೀತು. ಒಮ್ಮೆ ರಜೆ ಪಡೆದು, ವಾರ ಬಿಟ್ಟು ‘ಇನ್ನೊಂದು ಅರ್ಧ ದಿನ ಮರೆತಿದ್ದೆ’ ಎಂದು ಹೋಗುವುದಕ್ಕಿಂತ ಎರಡನ್ನೂ ಒಂದೇ ಸಲ ಕೇಳುವುದು ಮೇಲು. ಅಮ್ಮ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಬರುವುದಾದರೂ ಇದೇ ಲೆಕ್ಕ: ಭಾನುವಾರ ರಾತ್ರಿ ಹತ್ತಿಸಿ. ಸಂದರ್ಶನದ ಬೆಳಗ್ಗೆಯೇ ರೈಲಿಳಿಸಿ ಕರೆದೊಯ್ಯುವ ಸಾಹಸ ಬೇಡ. (ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ವೀಸಾ ಕೆಲಸ ಮಾತ್ರ ಅದರ ಜೊತೆ ಬರಲಿಲ್ಲ. ಹಾಗಾಗಿ ಮೈಸೂರಿನ ಅಮ್ಮಂದಿರ ಚೆನ್ನೈ ಯಾತ್ರೆ ತಪ್ಪಲಿಲ್ಲ.)

ಹುಷಾರಿಲ್ಲ ಎನ್ನುವ ದಾರಿ ಬೇಡ. ನೀತಿಯ ಮಾತು ಹಾಗಿರಲಿ, ಅದು ನಡೆಯುವ ಉಪಾಯವೇ ಅಲ್ಲ. ವಿಸಿಟರ್ ವೀಸಾದ ಸಂದರ್ಶನಕ್ಕೆ ಹೋಗುವವರು ತಾವು ಇಲ್ಲಿ ಕೆಲಸದಲ್ಲಿದ್ದೇವೆ, ಮರಳಿ ಬರುತ್ತೇವೆ ಎನ್ನುವುದಕ್ಕೆ ಕಂಪನಿಯ ಪತ್ರವೊಂದನ್ನು ಜೊತೆಗಿಟ್ಟುಕೊಳ್ಳುವುದು ರೂಢಿ. ಅದನ್ನು ಎಚ್‌ಆರ್‌ನಿಂದ ತೆಗೆಸಬೇಕು, ಎಷ್ಟೋ ಕಂಪನಿಗಳಲ್ಲಿ ಆ ಕೋರಿಕೆ ಮ್ಯಾನೇಜರ್ ಒಪ್ಪಿಗೆಗೇ ಬಂದು ಕೂರುತ್ತದೆ. ವೀಸಾ ಪತ್ರದ ಕೋರಿಕೆಯೂ ಜ್ವರದ ರಜೆಯೂ ಒಂದೇ ವಾರದಲ್ಲಿ ಅವರ ಪರದೆಗೆ ಬಂದರೆ, ನೀವು ಹೆದರಿರುವ ಅನುಮಾನವನ್ನು ನೀವೇ ಕೈಯಾರೆ ಹುಟ್ಟಿಸಿದಂತೆ.

ಆ ಅನುಮಾನ ಹುಟ್ಟುವುದಾದರೂ ಏಕೆ? ಓಎಂಆರ್ ರಸ್ತೆಯ ಆಫೀಸುಗಳಲ್ಲಿ ‘ವೀಸಾ’ ಎಂದರೆ ಎಚ್-1ಬಿ ಎಂದೇ ಕಿವಿಗೆ ಬೀಳುತ್ತದೆ. ನಿಮ್ಮದು ಬಿ-1/ಬಿ-2, ಅದರಲ್ಲಿ ಅಲ್ಲಿ ಹೋಗಿ ನೌಕರಿ ಮಾಡುವಂತಿಲ್ಲ. ‘ಅಕ್ಕನ ಮಗನ ಉಪನಯನ, ಅಮ್ಮನ ಜೊತೆ ಹೋಗಿಬರುವ ವಿಸಿಟರ್ ವೀಸಾ’ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಅಲ್ಲಿಗೆ ನಿಲ್ಲಿಸಿ. ಅಕ್ಕ ಎಲ್ಲಿ ಕೆಲಸ ಮಾಡುತ್ತಾಳೆ, ಟಿಕೆಟ್ ಎಷ್ಟಾಗುತ್ತದೆ ಎಂದೆಲ್ಲ ವಿವರಿಸುತ್ತ ಹೋದಷ್ಟೂ ಕೇಳುವವರಿಗೆ ಇನ್ನೇನೋ ಇದೆ ಅನ್ನಿಸುತ್ತದೆ. ಬೇಸಿಗೆಯ ಪ್ರಯಾಣಕ್ಕೆ ಬೇಕಾದ ಉದ್ದ ರಜೆಯನ್ನೂ ಇದೇ ಮಾತಿನಲ್ಲಿ ಎತ್ತಬೇಡಿ. ಒಂದೂವರೆ ದಿನ ಸುಲಭವಾಗಿ ಕೊಡುವವರು, ಮೂರು ವಾರ ಎಂದು ಕೇಳಿಸಿದೊಡನೆ ಎರಡನ್ನೂ ಸೇರಿಸಿ ಯೋಚನೆಗೆ ಕೂರುತ್ತಾರೆ.

ಇನ್ನು ನಾಲ್ಕು ಮೀಟಿಂಗ್‌ಗಳು. ‘ನನ್ನ ಬದಲು ಸಹೋದ್ಯೋಗಿ ನೋಡಿಕೊಳ್ಳುತ್ತಾರೆ’ ಎಂದು ಒಟ್ಟಾಗಿ ಬರೆದರೆ ಮ್ಯಾನೇಜರ್ ತಲೆಯಲ್ಲಿ ನಾಲ್ಕು ಪ್ರಶ್ನೆ ಹಾಗೇ ಉಳಿಯುತ್ತವೆ. ಒಂದೊಂದನ್ನೂ ಬೇರೆ ಬೇರೆ ನೋಡಿ. 9.30ರ ಸ್ಟ್ಯಾಂಡಪ್‌ಗೆ ನೀವಿರಲೇಬೇಕಿಲ್ಲ, ಹಿಂದಿನ ರಾತ್ರಿ ನಾಲ್ಕು ಸಾಲು ಬರೆದು ಗುಂಪಿಗೆ ಹಾಕಿದರೆ ಸಾಕು. 3 ಗಂಟೆಗೆ ಹೊಸಬರ ಸಂದರ್ಶನ ಮಾಡುವ ಪ್ಯಾನೆಲ್ ಇದೆ ಎಂದು ಬರೆದಿದ್ದೀರಿ. ಅದನ್ನು ಗುರುವಾರಕ್ಕೆ ಹಾಕಿಸಿ, ಬರುವ ಅಭ್ಯರ್ಥಿಗೆ ಈಗಲೇ ತಿಳಿಸಿದರೆ ಯಾರಿಗೂ ನಷ್ಟವಿಲ್ಲ.

ಕಷ್ಟದ್ದು 11 ಗಂಟೆಯ ದೋಷಗಳ ಮೀಟಿಂಗ್. ಅಲ್ಲಿ ನೀವು ವರದಿ ಒಪ್ಪಿಸುವುದಿಲ್ಲ, ಯಾವ ದೋಷ ಇಟ್ಟುಕೊಂಡೂ ರಿಲೀಸ್ ಮಾಡಬಹುದು, ಯಾವುದಕ್ಕೆ ರಿಲೀಸನ್ನೇ ತಡೆಯಬೇಕು ಎಂದು ತೀರ್ಮಾನ ಹೇಳುತ್ತೀರಿ. ನಿಮ್ಮ ಜಾಗದಲ್ಲಿ ಕೂರುವವರಿಗೆ ಆ ಅಧಿಕಾರ ಎಷ್ಟಿದೆ ಎಂಬುದು ಬರಹದಲ್ಲಿ ಇರಬೇಕು. ಉದಾಹರಣೆಗೆ: ಹಣ ಪಾವತಿಯ ಪುಟಕ್ಕೆ ಸಂಬಂಧಿಸಿದ ಯಾವ ದೋಷವನ್ನೂ ಮುಂದೂಡಬಾರದು, ಅಕ್ಷರ, ಬಣ್ಣ, ಜೋಡಣೆಯ ತಕರಾರುಗಳನ್ನು ಮುಂದಿನ ಆವೃತ್ತಿಗೆ ಬಿಡಬಹುದು, ಇವೆರಡರ ನಡುವೆ ಬರುವುದನ್ನು ಮ್ಯಾನೇಜರ್ ಮುಂದಿಡಬೇಕು. ಇಷ್ಟು ಇಲ್ಲದಿದ್ದರೆ ಪಾಪ, ಬದಲಿಗೆ ಬಂದವರು ಪ್ರತಿಯೊಂದಕ್ಕೂ ‘ಅವರನ್ನು ಕೇಳಿ ಹೇಳುತ್ತೇನೆ’ ಎನ್ನುತ್ತಾರೆ. ಕೇಳಲು ನೀವು ಸಿಗುವುದಿಲ್ಲ, ಮೀಟಿಂಗ್ ನಡೆದೂ ನಡೆಯದಂತಾಗುತ್ತದೆ.

ಸಂಜೆ 6.30ರ ಕಾಲ್‌ನಲ್ಲಿ ತೊಡಕು ಬೇರೆ ಕಡೆ ಇದೆ. ವಾರವಾರ ಬರುವ ಆ ಮೀಟಿಂಗ್ ನಿಮ್ಮ ಹೆಸರಿನಲ್ಲಿ ಸೃಷ್ಟಿಯಾಗಿದ್ದರೆ, ನೀವು ಬಾರದೆ ಹೊರಗಿನವರು ಲಾಬಿಯಲ್ಲೇ ಕಾಯುತ್ತ ಕೂರುವುದುಂಟು, ಒಳಗೆ ಬಿಟ್ಟುಕೊಳ್ಳುವ ಗುಂಡಿ ಬೇರೆಯವರ ಪರದೆಯಲ್ಲಿ ಕಾಣದಿರಬಹುದು. ಬದಲಿಯವರನ್ನು ಮೊದಲೇ ಸಹ-ಆತಿಥೇಯರಾಗಿ ಸೇರಿಸಿ, ಅವರು ತೋರಿಸಬೇಕಾದ ಫೈಲು ಅವರ ಲಾಗಿನ್‌ನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ಸೋಮವಾರವೇ ಪಕ್ಕದಲ್ಲಿ ಕೂತು ನೋಡಿ. ಮಧ್ಯಾಹ್ನವೇ ನಿಮ್ಮ ಕೆಲಸ ಮುಗಿದು ಮನೆಗೆ ಬಂದಿದ್ದರೆ ಸಂಜೆ ಕಾಲ್‌ಗೆ ಸೇರಬಹುದು, ಆದರೆ ಕೇಳುಗರಾಗಿ ಮಾತ್ರ. ಬದಲಿಯವರು ಸಿದ್ಧವಾಗಿ ಬಂದಿರುವಾಗ ನಡುವೆ ಲಗಾಮು ಕಿತ್ತುಕೊಂಡರೆ ಮುಂದಿನ ಸಲ ಯಾರೂ ನಿಮಗಾಗಿ ಒಪ್ಪುವುದಿಲ್ಲ.

ಬದಲಿಯವರ ಹೆಸರನ್ನು ಮ್ಯಾನೇಜರಿಗೆ ಹೇಳುವ ಮೊದಲು ಅವರನ್ನೇ ಕೇಳಿರಬೇಕು. ಅವರಿಗೂ ಆ ದಿನ 11ಕ್ಕೆ ಬೇರೆ ಮೀಟಿಂಗ್ ಇದ್ದೀತು.

ಮ್ಯಾನೇಜರ್ ಜೊತೆ ಮೊದಲು ಎದುರಿಗೆ ಎರಡು ನಿಮಿಷ ಮಾತಾಡಿ, ಅದೇ ದಿನ ಬರೆದು ಕಳಿಸಿ, ಆಮೇಲೆ ರಜೆಯನ್ನು ಸಿಸ್ಟಮ್‌ನಲ್ಲಿ ಹಾಕಿ. ಬರಹ ಸುಮಾರು ಹೀಗಿರಲಿ, ನಿಮ್ಮ ಆಫೀಸಿನ ಇಂಗ್ಲಿಷಿಗೆ ಹೊರಳಿಸಿಕೊಳ್ಳಿ:

‘ಸಾರ್, 14ರ ಬುಧವಾರ ಪೂರ್ತಿ ದಿನ, 13ರ ಮಂಗಳವಾರ ಬೆಳಗ್ಗೆ ಅರ್ಧ ದಿನ ನನಗೆ ರಜೆ ಬೇಕು. ಅಕ್ಕನ ಮಗನ ಉಪನಯನಕ್ಕೆ ಅಮ್ಮನ ಜೊತೆ ಹೋಗಿಬರಲು ವಿಸಿಟರ್ ವೀಸಾ ಅಪಾಯಿಂಟ್‌ಮೆಂಟ್ ಇದೆ. ಬುಧವಾರ ಒಳಗೆ ಫೋನ್ ಬಿಡುವುದಿಲ್ಲ, ಬೆಳಗ್ಗೆ 8.30ರಿಂದ ಹೊರಬರುವವರೆಗೆ ಸಿಗುವುದಿಲ್ಲ. 11ರ ಮೀಟಿಂಗ್ ಮತ್ತು 6.30ರ ಕಾಲ್ ನಡೆಸಲು ನಮ್ಮ ತಂಡದ ಸಹೋದ್ಯೋಗಿ ಒಪ್ಪಿದ್ದಾರೆ, ತೀರ್ಮಾನದ ಮಿತಿಗಳನ್ನು ಜೊತೆಗೆ ಕಳಿಸಿದ್ದೇನೆ. 3ರ ಪ್ಯಾನೆಲ್ ಗುರುವಾರಕ್ಕೆ ಹಾಕಲು ಎಚ್‌ಆರ್‌ಗೆ ಕೇಳಿದ್ದೇನೆ. ಸ್ಟ್ಯಾಂಡಪ್ ವಿವರ ಹಿಂದಿನ ರಾತ್ರಿ ಬರೆದಿಡುತ್ತೇನೆ. ಮಿತಿಗಳಲ್ಲಿ ಏನಾದರೂ ಬದಲಿಸಬೇಕಿದ್ದರೆ ಶುಕ್ರವಾರದೊಳಗೆ ತಿಳಿಸಿ.’

ಕೊನೆಯ ಸಾಲನ್ನು ಬಿಡಬೇಡಿ. ರಜೆ ಕೊಡುತ್ತೀರಾ ಎಂದು ಮಾತ್ರ ಕೇಳಿದರೆ ಅವರು ಹೌದು-ಇಲ್ಲಗಳಲ್ಲಿ ಯೋಚಿಸುತ್ತಾರೆ, ಮಿತಿಗಳನ್ನು ಮುಂದಿಟ್ಟರೆ ಬುಧವಾರ ಹೇಗೆ ನಡೆಯಬೇಕು ಎಂದು ಯೋಚಿಸುತ್ತಾರೆ.

‘ರಿಲೀಸ್ ವಾರ ಅಲ್ಲವೇನಮ್ಮ, ಡೇಟ್ ಮುಂದಕ್ಕೆ ಹಾಕಿಕೋ’ ಎಂದರೆ? ಹಟವಿಲ್ಲದೆ ನಿಯಮ ಹೇಳಿ. 2025ರ ಜನವರಿ 1ರಿಂದ ಭಾರತದಲ್ಲಿ ಈ ಅಪಾಯಿಂಟ್‌ಮೆಂಟನ್ನು ಹೆಚ್ಚಿನ ಶುಲ್ಕವಿಲ್ಲದೆ ಒಮ್ಮೆ ಮಾತ್ರ ಬದಲಿಸಬಹುದು. ಅದೂ ತಪ್ಪಿದರೆ ತಲೆಗೆ 185 ಡಾಲರ್ ಮತ್ತೆ ಕಟ್ಟಿ ಹೊಸದಾಗಿ ಸಾಲು ಹಿಡಿಯಬೇಕು, ಬದಲಿಸಿದರೂ ಸಿಗುವ ದಿನ ತಿಂಗಳುಗಳಾಚೆ ಇದ್ದೀತು. ಆ ಒಂದು ಅವಕಾಶವನ್ನು ಅಮ್ಮನಿಗೆ ನಿಜವಾಗಿ ಹುಷಾರು ತಪ್ಪಿದರೆ ಬೇಕಾಗುತ್ತದೆ ಎಂದು ಇಟ್ಟುಕೊಳ್ಳಿ, ಮೀಟಿಂಗ್‌ಗೆ ಖರ್ಚು ಮಾಡಬೇಡಿ.

ವೀಸಾ ಮಂಜೂರಾದರೆ ಪಾಸ್‌ಪೋರ್ಟ್ ಅವರಲ್ಲೇ ಉಳಿದು ಕೆಲ ದಿನದ ಮೇಲೆ ಬರುತ್ತದೆ. ಆ ನಡುವೆ ಕಂಪನಿ ನಿಮ್ಮನ್ನು ಸಿಂಗಪುರಕ್ಕೋ ಇನ್ನೆಲ್ಲಿಗೋ ಕಳಿಸುವ ಯೋಚನೆಯಲ್ಲಿದ್ದರೆ ಮ್ಯಾನೇಜರಿಗೆ ಈಗಲೇ ಒಂದು ಮಾತು ಹೇಳಿಡಿ. ಇನ್ನಷ್ಟು ಕಾಗದ ಬೇಕೆಂದು ಚೀಟಿ ಕೊಟ್ಟರೆ ಮತ್ತೊಂದು ಓಡಾಟವಿರುತ್ತದೆ, ಅದಕ್ಕೆ ಆಗ ಕೇಳಿದರಾಯಿತು.

ಕಾನ್ಸುಲೇಟಿನವರೇ ದಿನ ಬದಲಿಸುವುದೂ ಉಂಟು. 2025ರ ಡಿಸೆಂಬರ್‌ನಲ್ಲಿ ಎಚ್-1ಬಿ, ಎಚ್-4 ಅರ್ಜಿದಾರರಲ್ಲಿ ಬಹಳ ಜನರ ಸಂದರ್ಶನಗಳು ಇಮೇಲ್ ಮೂಲಕ ತಿಂಗಳುಗಟ್ಟಲೆ ಮುಂದಕ್ಕೆ ಹೋದವು, ಹಳೆಯ ದಿನಾಂಕಕ್ಕೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದೂ ಹೇಳಿದರು. ನಿಮ್ಮ ವರ್ಗ ಬೇರೆ, ಆದರೂ ಸೋಮವಾರ ಸಂಜೆ ಒಮ್ಮೆ, ಮಂಗಳವಾರ ರಾತ್ರಿ ಒಮ್ಮೆ ಮೇಲ್ ತೆರೆದು ನೋಡಿ. ದಿನ ಬದಲಾಗಿದ್ದರೆ ಮೊದಲ ಫೋನ್ ನಿಮ್ಮ ಬದಲಿಗೆ ಒಪ್ಪಿಕೊಂಡವರಿಗೆ ಹೋಗಲಿ, ತಮ್ಮ ಬುಧವಾರವನ್ನು ಖಾಲಿ ಮಾಡಿಟ್ಟುಕೊಂಡವರು ಅವರು. ಆಮೇಲೆ ಮ್ಯಾನೇಜರಿಗೆ, ಅದೇ ಬರಹದಲ್ಲಿ ತಾರೀಖು ತಿದ್ದಿ.