ಮೊದಲ ಪತ್ರದಲ್ಲಿ ಬೇಡಿಕೆಯನ್ನು ಹೇಳುವ ಬಗೆ

ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕರು ವರ್ಷದಲ್ಲಿ ಹಲವು ಬಾರಿ ತಮಗೆ ಪರಿಚಯವಿಲ್ಲದವರಿಗೆ ಪತ್ರ ಬರೆಯಬೇಕಾಗುತ್ತದೆ. ಅವುಗಳಲ್ಲಿ ಪಠ್ಯಪುಸ್ತಕದ ಕೊರತೆಯನ್ನು ಕುರಿತ ಪತ್ರವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾಸರಗೋಡು ಜಿಲ್ಲೆಯ ಒಂದು ಶಾಲೆಯಿಂದ ಉಪಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ ಜೂನ್ ತಿಂಗಳಲ್ಲಿ ಹೀಗೊಂದು ಪತ್ರ ಹೋಯಿತೆಂದು ಭಾವಿಸಿರಿ:

"ಮಾನ್ಯರೇ, ಗಡಿನಾಡಿನ ಕನ್ನಡ ಮಕ್ಕಳು ಮೊದಲಿನಿಂದಲೂ ಅವಗಣನೆಗೆ ಒಳಗಾಗುತ್ತಿರುವುದು ತಮಗೆ ತಿಳಿದೇ ಇದೆ. ಶಾಲೆ ಆರಂಭವಾಗಿ ಹಲವು ದಿನಗಳು ಕಳೆದರೂ ನಮಗೆ ಕನ್ನಡ ಪುಸ್ತಕಗಳು ಸರಿಯಾಗಿ ಬಂದಿಲ್ಲ. ಕನ್ನಡ ಬಲ್ಲ ಶಿಕ್ಷಕರ ಹುದ್ದೆಯೂ ಖಾಲಿ ಇದೆ. ಆದುದರಿಂದ ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಇದರಲ್ಲಿ ಸುಳ್ಳಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಇದನ್ನು ಕೈಗೆತ್ತಿಕೊಳ್ಳುವ ಗುಮಾಸ್ತರು ಈಗ ಏನು ಮಾಡಬೇಕು? "ಕನ್ನಡ ಪುಸ್ತಕ" ಎಂದರೆ ಕನ್ನಡ ಭಾಷೆಯ ಪಠ್ಯಪುಸ್ತಕವೋ, ಕನ್ನಡ ಮಾಧ್ಯಮದ ಗಣಿತ, ಸಮಾಜ ವಿಜ್ಞಾನದ ಪುಸ್ತಕಗಳೋ? ನಮ್ಮ ಶಾಲೆಯ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು. ನಮ್ಮೊಳಗೆ ಅದು ಯಾರಿಗೂ ತೊಡಕಾಗದು. ಕಚೇರಿಯ ಪಟ್ಟಿಯಲ್ಲಿ ಮಾತ್ರ ಅವು ಬೇರೆ ಬೇರೆ ಸಾಲುಗಳು. ಗಣಿತಕ್ಕಾಗಿ ಕಾದ ಮಕ್ಕಳಿಗೆ ಭಾಷಾ ಪಠ್ಯದ ಇನ್ನೊಂದು ಕಟ್ಟು ಬಂದು ಸೇರಿದರೆ ಅದಕ್ಕೆ ಕಾರಣ ಈ ಎರಡು ಪದಗಳೇ ಆಗಿರಬಹುದು. "ಸರಿಯಾಗಿ ಬಂದಿಲ್ಲ" ಎಂಬುದೂ ಹಾಗೆಯೇ. ಒಂದೂ ಬಂದಿಲ್ಲವೇ, ಕೆಲವು ಬಂದಿವೆಯೇ, ಬಂದವು ತಪ್ಪು ಪುಸ್ತಕಗಳೇ ಎಂಬುದು ಅದರಿಂದ ತಿಳಿಯುವುದಿಲ್ಲ. ಓದುಗರು ಮರಳಿ ಪ್ರಶ್ನೆ ಕೇಳಬೇಕಾದರೆ ಒಂದು ವಾರ ಹೋಗುತ್ತದೆ. ಕೇಳದೆ ಊಹಿಸಿದರೆ ಇನ್ನೂ ಹೆಚ್ಚು ಹೋಗುತ್ತದೆ.

ಅದೇ ಶಾಲೆ ಹೀಗೆ ಬರೆದಿದ್ದರೆ:

"ವಿಷಯ: 5ನೆಯ ತರಗತಿ, ಕನ್ನಡ ಮಾಧ್ಯಮದ ಗಣಿತ ಪುಸ್ತಕ ಭಾಗ 1ರ 15 ಪ್ರತಿಗಳ ಕೊರತೆ.

ಮಾನ್ಯರೇ, ನಮ್ಮ ಶಾಲೆಯ 5ನೆಯ ತರಗತಿಗೆ ಕನ್ನಡ ಮಾಧ್ಯಮದ ಗಣಿತ ಪುಸ್ತಕ, ಭಾಗ 1, ಇನ್ನೂ 15 ಪ್ರತಿಗಳು ಬೇಕಾಗಿವೆ. ಇಂಡೆಂಟಿನಲ್ಲಿ 30 ಪ್ರತಿಗಳನ್ನು ಕೇಳಿದ್ದೆವು. ಜೂನ್ 4ರಂದು 19 ಬಂದವು. ಇಂಡೆಂಟ್ ಸಲ್ಲಿಸಿದ ಬಳಿಕ 4 ಮಕ್ಕಳು ಹೆಚ್ಚಾಗಿ ಸೇರಿದ್ದರಿಂದ ಈಗ ತರಗತಿಯಲ್ಲಿ 34 ಮಂದಿ ಇದ್ದಾರೆ. ಬಾಕಿ 11 ಪ್ರತಿಗಳನ್ನು ಕಳುಹಿಸಬೇಕೆಂದೂ 4 ಪ್ರತಿಗಳ ಹೆಚ್ಚುವರಿ ಬೇಡಿಕೆಯನ್ನು ಸ್ವೀಕರಿಸಬೇಕೆಂದೂ ಕೋರುತ್ತೇವೆ. ಬಂದ ಕಟ್ಟಿನಲ್ಲಿ ಇದೇ ಪುಸ್ತಕದ ಮಲಯಾಳ ಮಾಧ್ಯಮದ 11 ಪ್ರತಿಗಳಿದ್ದವು. ಅವನ್ನು ಬಳಸದೆ ಇರಿಸಿದ್ದೇವೆ. ಈಗ 30 ಮಕ್ಕಳು ಇಬ್ಬಿಬ್ಬರಾಗಿ 15 ಪುಸ್ತಕಗಳನ್ನು ಹಂಚಿಕೊಂಡಿರುವುದರಿಂದ ಮನೆಗೆಲಸ ಕೊಡಲಾಗುತ್ತಿಲ್ಲ."

ಕೆಳಗೆ ಮುಖ್ಯ ಶಿಕ್ಷಕರ ಸಹಿ, ಶಾಲೆಯ ಪೂರ್ಣ ಹೆಸರು ಮತ್ತು ಸಂಕೇತ ಸಂಖ್ಯೆ, ಪುಸ್ತಕಗಳ ಲೆಕ್ಕ ನೋಡಿಕೊಳ್ಳುವ ಶಿಕ್ಷಕರ ದೂರವಾಣಿ ಸಂಖ್ಯೆ ಇರಬೇಕು.

ಎರಡನೆಯ ಪತ್ರದಲ್ಲಿ ಬೇಡಿಕೆ ಮೊದಲ ವಾಕ್ಯದಲ್ಲಿಯೇ ಬಂದಿದೆ. ಕಾರಣ, ಕಷ್ಟ ಎಲ್ಲವೂ ಅದರ ಹಿಂದೆ ಸಾಲುಗೂಡಿವೆ. ಇಷ್ಟೇ ಮುಖ್ಯವಾದುದು 15ನ್ನು 11 ಮತ್ತು 4 ಎಂದು ಒಡೆದು ಹೇಳಿರುವುದು. ಇಂಡೆಂಟನ್ನು ಶಾಲಾ ವರ್ಷ ತೊಡಗುವ ಮುನ್ನವೇ, ನಿರೀಕ್ಷಿತ ಮಕ್ಕಳ ಲೆಕ್ಕದಲ್ಲಿ ಸಲ್ಲಿಸಿರುತ್ತೇವೆ. ಕೇಳಿದ್ದು ಬಾರದಿದ್ದರೆ ಅದು ಪೂರೈಕೆಯ ಕೊರತೆ. ಕೇಳಿದ್ದಕ್ಕಿಂತ ಹೆಚ್ಚು ಮಕ್ಕಳು ಸೇರಿದ್ದರೆ ಅದು ಹೊಸ ಬೇಡಿಕೆ. ಎರಡಕ್ಕೂ ಕಚೇರಿಯಲ್ಲಿ ದಾರಿ ಬೇರೆ. ಒಟ್ಟಾಗಿ 15 ಎಂದು ಮಾತ್ರ ಬರೆದರೆ, "ನೀವು ಕೇಳಿದ್ದೇ 30, ಇದೇನು 34ರ ಲೆಕ್ಕ?" ಎಂದು ಇಡೀ ಪತ್ರ ಹಿಂದಿರುಗಬಹುದು, ನ್ಯಾಯವಾಗಿ ಬರಬೇಕಾದ 11 ಪ್ರತಿಗಳೂ ಅದರೊಂದಿಗೆ ನಿಲ್ಲುತ್ತವೆ.

ಮಲಯಾಳ ಮಾಧ್ಯಮದ 11 ಪ್ರತಿಗಳ ಮಾತನ್ನು ಹಲವರು ದೂರಿನಂತೆ ಕೇಳಿಸೀತೆಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಬಾಕಿಯೂ 11, ತಪ್ಪಾಗಿ ಬಂದದ್ದೂ 11. ನಮ್ಮ 11 ಪ್ರತಿಗಳು ಇನ್ನೊಂದು ಶಾಲೆಯ ಕಟ್ಟಿಗೆ ಸೇರಿರಬಹುದೆಂದು ಅನುಭವಿಯಾದ ಗುಮಾಸ್ತರಿಗೆ ಕೂಡಲೇ ಹೊಳೆಯುತ್ತದೆ. ಹಾಗಿದ್ದರೆ ಅಚ್ಚಿಗೆ ಕಾಯಬೇಕಾಗಿಲ್ಲ, ಅದಲುಬದಲು ಮಾಡಿದರೆ ಸಾಕು.

ಇನ್ನು, ಮೊದಲ ಪತ್ರದಲ್ಲಿದ್ದ ಶಿಕ್ಷಕ ಹುದ್ದೆಯ ವಿಚಾರವನ್ನು ಎರಡನೆಯದರಲ್ಲಿ ಏಕೆ ಕೈಬಿಡಲಾಯಿತು? ಅದು ಪುಸ್ತಕಕ್ಕಿಂತ ಚಿಕ್ಕ ವಿಚಾರವೆಂದಲ್ಲ, ದೊಡ್ಡದು. ಆದರೆ ಒಂದು ಪತ್ರ ಒಂದು ಕಡತಕ್ಕೆ, ಒಂದು ಮೇಜಿಗೆ ಹೋಗುತ್ತದೆ. ಎರಡು ಬೇಡಿಕೆಗಳಿದ್ದ ಪತ್ರ ಒಂದರ ಮೇಜಿನಲ್ಲಿ ಉಳಿದು, ಮತ್ತೊಂದು ಬೇಡಿಕೆ ಯಾರಿಗೂ ಸೇರದೆ ಹೋಗುತ್ತದೆ. ಹುದ್ದೆಗೆ ಪ್ರತ್ಯೇಕ ಪತ್ರ ಬರೆಯಿರಿ. ಯಾವ ತರಗತಿ, ಯಾವ ವಿಷಯ, ಯಾವ ದಿನಾಂಕದಿಂದ ಖಾಲಿ, ವಾರಕ್ಕೆ ಎಷ್ಟು ಪಾಠದ ಅವಧಿಗಳು ತಪ್ಪುತ್ತಿವೆ ಎಂಬುದನ್ನು ಅದರಲ್ಲಿ ಹೇಳಿರಿ. ಅವಗಣನೆಯ ಮಾತಿಗೂ ತಕ್ಕ ಸ್ಥಳವಿದೆ, ಆದರೆ ಅದು ಸಂಘಟನೆಯ ಮನವಿಯಲ್ಲಿ. 15 ಪುಸ್ತಕಗಳನ್ನು ಕೇಳುವ ಪತ್ರದ ಮೊದಲ ಸಾಲನ್ನು ಅದಕ್ಕೆ ಬಿಟ್ಟುಕೊಡುವುದು ಸರಿಯೆನಿಸದು.

ಭಾಷೆಯ ಪ್ರಶ್ನೆಯೂ ಬರುತ್ತದೆ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ನೀಡಿದೆ. ಆದುದರಿಂದ ಪತ್ರ ಕನ್ನಡದಲ್ಲಿಯೇ ಇರಲಿ. ಆದರೆ ಅದು ಮೊದಲು ತಲುಪುವ ಮೇಜಿನಲ್ಲಿ ಕನ್ನಡ ಓದಬಲ್ಲವರು ಇಲ್ಲದಿರಬಹುದು. ವಿಷಯದ ಸಾಲನ್ನು ಮಾತ್ರ ಅದರ ಕೆಳಗೆ ಮಲಯಾಳದಲ್ಲಿ ಮತ್ತೊಮ್ಮೆ ಬರೆದು, ಪುಸ್ತಕದ ಹೆಸರನ್ನು ಇಂಡೆಂಟಿನಲ್ಲಿರುವಂತೆಯೇ ಕೊಟ್ಟರೆ ಪತ್ರ ಸರಿಯಾದ ಕಡತಕ್ಕೆ ಸೇರುತ್ತದೆ. ಇದರಿಂದ ಹಕ್ಕಿಗೆ ಕುಂದಿಲ್ಲ. ತಾಳವಾಡಿಯವರು ತಮಿಳಿನಲ್ಲಿ, ಅಕ್ಕಲಕೋಟೆಯವರು ಮರಾಠಿಯಲ್ಲಿ ಇದನ್ನೇ ಮಾಡಬಹುದು.

ಪುಸ್ತಕ ಬರುವವರೆಗೆ ಪಕ್ಕದ ಶಾಲೆಯಿಂದ ಎರವಲು ಕೇಳುವುದಿದೆ. ಈ ಸಂದೇಶ ಈಗ ಹೆಚ್ಚಾಗಿ ವಾಟ್ಸಾಪಿನಲ್ಲಿ ಹೋಗುತ್ತದೆ. "ನಮಸ್ಕಾರ ಟೀಚರ್, ಒಂದು ಸಹಾಯ ಆಗಬೇಕಿತ್ತು" ಎಂದಷ್ಟೇ ಬರೆದು ಉತ್ತರಕ್ಕೆ ಕಾಯುವುದು ಸೌಜನ್ಯದಂತೆ ತೋರುತ್ತದೆ. ಅದನ್ನು ಪಡೆದವರು ಮಾತ್ರ ಏನಿರಬಹುದೆಂದು ಯೋಚಿಸುತ್ತ, ಪಾಠದ ನಡುವೆ ಉತ್ತರಿಸಲಾಗದೆ ಸಂಜೆಗೆ ಮುಂದೂಡುತ್ತಾರೆ. ಬದಲಾಗಿ: "ನಮಸ್ಕಾರ ಟೀಚರ್. ನಾನು ಪಕ್ಕದ ಪಂಚಾಯತಿನ ಎಲ್.ಪಿ. ಶಾಲೆಯಲ್ಲಿ 4ನೆಯ ತರಗತಿಗೆ ಪಾಠ ಮಾಡುತ್ತಿದ್ದೇನೆ. ನಿಮ್ಮಲ್ಲಿ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಭಾಗ 1 ಹೆಚ್ಚುವರಿಯಾಗಿ ಇದ್ದರೆ 6 ಪ್ರತಿಗಳನ್ನು ಎರಡು ವಾರದ ಮಟ್ಟಿಗೆ ಕೊಡಬಹುದೇ? ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾನೇ ಬಂದು ಒಯ್ಯುತ್ತೇನೆ. ಇಲ್ಲವೆಂದರೂ ತೊಂದರೆಯಿಲ್ಲ, ತಿಳಿಸಿದರೆ ಬೇರೆಡೆ ಕೇಳುತ್ತೇನೆ." ಇದಕ್ಕೆ ಬಿಡುವಿನ ಒಂದು ನಿಮಿಷದಲ್ಲಿ "ನಾಲ್ಕು ಇವೆ, ಬನ್ನಿ" ಎಂದು ಉತ್ತರ ಬರೆಯಬಹುದು. ಕೊನೆಯ ವಾಕ್ಯವನ್ನು ಬಿಡದಿರಿ. ಇಲ್ಲವೆನ್ನಲು ದಾರಿ ಕೊಟ್ಟರೆ ಮಾತ್ರ ಬೇಗನೆ ಇಲ್ಲವೆನ್ನುತ್ತಾರೆ, ಇಲ್ಲದಿದ್ದರೆ ಸಂಕೋಚದಿಂದ ಸುಮ್ಮನಿರುತ್ತಾರೆ.

ಕಚೇರಿಗೆ ಕೊಟ್ಟ ಪತ್ರದ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿ ಶಾಲೆಯ ಕಡತದಲ್ಲಿ ಇರಿಸಿರಿ. ಹತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಬರೆಯುವ ಎರಡನೆಯ ಪತ್ರಕ್ಕೆ "ಉಲ್ಲೇಖ" ಎಂಬಲ್ಲಿ ಆ ದಿನಾಂಕವೇ ಬೇಕು; ಆ ಪತ್ರದಲ್ಲಿ ಲೆಕ್ಕವನ್ನು ಹೊಸದಾಗಿ ಎಣಿಸಿ ಬರೆಯಿರಿ, ಅಷ್ಟರಲ್ಲಿ 15 ಎಂಬುದು 13 ಆಗಿರಲೂಬಹುದು.